ಮುಂದಿನ ರಾಜನಿಗೆ ಬರೆದ ದಾಖಲೆ

ಶಕ ವರ್ಷ 793, ಅಂದರೆ ಕ್ರಿ.ಶ. 871. ಪುಷ್ಯ ಮಾಸದ ಉತ್ತರಾಯಣ ಪರ್ವದಲ್ಲಿ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗ ನಾಲ್ವರು ಬ್ರಾಹ್ಮಣರಿಗೆ ಒಂದು ಊರನ್ನು ಧಾರೆಯೆರೆದು ಕೊಟ್ಟ. ರಾಜಧಾನಿ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಕೊಟ್ಟ ಊರಿನ ಹೆಸರು ಝರಿವಲ್ಲಿಕಾ. ಅದು ಅರಬ್ಬೀ ಸಮುದ್ರದ ಅಂಚಿನ ಸಂಜಾನದ ಹತ್ತಿರದ 24 ಹಳ್ಳಿಗಳಲ್ಲಿ ಒಂದು. ಸಂಜಾನ ಈಗ ಗುಜರಾತಿನಲ್ಲಿದೆ. ಮಳಖೇಡದಿಂದ 500 ಕಿಲೋಮೀಟರಿಗೂ ದೂರ. ದಾನದ ವಿವರವನ್ನು ಮೂರು ತಾಮ್ರದ ಹಲಗೆಗಳ ಮೇಲೆ ಕೊರೆಸಿ ದಾನ ಪಡೆದವರ ಕೈಗೆ ಕೊಡಲಾಯಿತು. ಇತಿಹಾಸದ ಪುಸ್ತಕಗಳು ಅದನ್ನು ಸಂಜಾನ ತಾಮ್ರಪಟ ಎಂದು ಕರೆಯುತ್ತವೆ.

ಪ್ರಜೆಗಳಿಗೆ ಬಂದ ವಿಪತ್ತು ನೀಗಲೆಂದು ಅಮೋಘವರ್ಷ ತನ್ನ ಎಡಗೈ ಬೆರಳನ್ನು ಮಹಾಲಕ್ಷ್ಮಿಗೆ ಅರ್ಪಿಸಿದ ಕಥೆ ನಮಗೆ ತಿಳಿದಿರುವುದು ಈ ಶಾಸನದಿಂದ. ಹಾಗಾಗಿ ಇದನ್ನು ಉದ್ಧರಿಸುವವರೆಲ್ಲ ಆ ಪದ್ಯದ ಬಳಿ ನಿಲ್ಲುತ್ತಾರೆ. ದಾನ ಪಡೆದ ನರಸಿಂಹ ದೀಕ್ಷಿತ, ರಕ್ಷಾದಿತ್ಯ, ತ್ರಿವಿಕ್ರಮ, ಕೇಶವ ಎಂಬ ನಾಲ್ವರಿಗೆ ಮುಖ್ಯವಾಗಿದ್ದುದು ಶಾಸನದ ಕೊನೆಯ ಗದ್ಯಭಾಗ. ತೆರಿಗೆ ವಸೂಲಿಗೆ ಬಂದ ಅಧಿಕಾರಿಯ ಮುಂದೆ, ಗಡಿ ತಕರಾರು ತೆಗೆದ ಪಕ್ಕದೂರಿನವರ ಮುಂದೆ, ಮೊಮ್ಮಕ್ಕಳ ಕಾಲಕ್ಕೆ ಪಟ್ಟಕ್ಕೆ ಬರುವ ಹೊಸ ರಾಜನ ಮುಂದೆ ಅವರ ಕೈಯಲ್ಲಿ ಇರಬಹುದಾಗಿದ್ದ ಬಲ ಅದೊಂದೇ. ಆ ಗದ್ಯವನ್ನು ನಿಧಾನವಾಗಿ ಓದಿದರೆ ಮಧ್ಯಯುಗದ ಭೂದಾಖಲೆ ಹೇಗೆ ಕೆಲಸ ಮಾಡುತ್ತಿತ್ತು, ಎಲ್ಲಿ ಸೋಲುತ್ತಿತ್ತು ಎರಡೂ ಗೊತ್ತಾಗುತ್ತವೆ.

ಧರ್ಮಶಾಸ್ತ್ರ ಹಾಕಿಕೊಟ್ಟ ನಮೂನೆ

ಇಂಥ ಶಾಸನದಲ್ಲಿ ಏನೇನು ಇರಬೇಕು ಎಂಬುದನ್ನು ಯಾಜ್ಞವಲ್ಕ್ಯ ಸ್ಮೃತಿ ಮೂರು ಶ್ಲೋಕಗಳಲ್ಲಿ ಹೇಳಿ ಮುಗಿಸುತ್ತದೆ. ಭೂಮಿ ಕೊಟ್ಟ ರಾಜ ಬಟ್ಟೆಯ ಮೇಲಾಗಲಿ ತಾಮ್ರದ ಹಲಗೆಯ ಮೇಲಾಗಲಿ ದಾಖಲೆ ಮಾಡಿಸಬೇಕು. ತನ್ನ ಪೂರ್ವಿಕರ ಹೆಸರು, ತನ್ನ ಹೆಸರು, ದಾನದ ಪ್ರಮಾಣ, ಭೂಮಿಯ ಎಲ್ಲೆ ಬರೆಸಬೇಕು. ತನ್ನ ಮುದ್ರೆ, ಹಸ್ತಾಕ್ಷರ, ಕಾಲ ಇರಬೇಕು. ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಗೂ ಅಲ್ಲಿಯೇ ಉತ್ತರವಿದೆ: ಮುಂದೆ ಬರುವ ಸಜ್ಜನ ರಾಜರಿಗೆ ತಿಳಿಯಲೆಂದು.

ಈ ಶ್ಲೋಕಗಳಿಗೆ ಅತಿ ಪ್ರಸಿದ್ಧ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದು, ಅಂದರೆ ಇಂದಿನ ಬಸವಕಲ್ಯಾಣದಲ್ಲಿದ್ದು, ‘ಮಿತಾಕ್ಷರಾ’ ಬರೆದವನು. ಭೂಮಿಯನ್ನು ಹೀಗೆ ದಾನ ಮಾಡುವ ಅಧಿಕಾರ ರಾಜನಿಗೆ ಮಾತ್ರ ಉಂಟು, ಸೀಮೆಯ ಆದಾಯ ಅನುಭವಿಸುವ ಅಧಿಕಾರಿಗೆ ಇಲ್ಲ ಎಂದು ಅವನು ಖಚಿತವಾಗಿ ಹೇಳುತ್ತಾನೆ. ರಾಜಶಾಸನವನ್ನು ಬರೆಯಬೇಕಾದವನು ಸಂಧಿವಿಗ್ರಹಿ, ಅದೂ ರಾಜನೇ ಖುದ್ದಾಗಿ ಆಜ್ಞಾಪಿಸಿದ ಮೇಲೆ ಎಂಬ ನಿಯಮವನ್ನೂ ಎತ್ತಿ ಕೊಡುತ್ತಾನೆ. ಸಂಧಿವಿಗ್ರಹಿ ಎಂದರೆ ಯುದ್ಧ ಮತ್ತು ಸಂಧಾನದ ಮಂತ್ರಿ. ಪರರಾಜ್ಯಗಳಿಗೆ ಓಲೆ ಬರೆಯುವವನಿಗೆ ವಂಶಾವಳಿ, ಬಿರುದು, ರಾಜನ ಗೆಲುವುಗಳು ಕರಾರುವಾಕ್ಕಾಗಿ ಗೊತ್ತಿರುತ್ತವೆ. ಭೂದಾನದ ಪತ್ರಕ್ಕೂ ಬೇಕಾದದ್ದು ಅದೇ ತಿಳಿವಳಿಕೆ.

ಶಾಸನಗಳ ಮೊದಲರ್ಧದ ಉದ್ದನೆಯ ವಂಶಸ್ತುತಿಯ ಕಾರಣವೂ ಇಲ್ಲಿ ಹೊಳೆಯುತ್ತದೆ. ಊರು ಕೊಡುತ್ತಿರುವವನು ಯಾರು, ಆ ಊರಿನ ಮೇಲೆ ಅವನಿಗೆ ಅಧಿಕಾರ ಬಂದದ್ದು ಹೇಗೆ ಎಂಬುದನ್ನು ಆ ಪದ್ಯಗಳು ಸ್ಥಾಪಿಸುತ್ತವೆ. ಇಂದಿನ ಕ್ರಯಪತ್ರದಲ್ಲಿ ಮಾರುವವನಿಗೆ ಆಸ್ತಿ ಯಾರಿಂದ ಬಂತು ಎಂಬ ವಿವರ ಮೊದಲು ಬರುವಂತೆಯೇ ಇದು.

ಕೊಟ್ಟದ್ದು ಏನು?

ಸಂಜಾನ ಶಾಸನದ ಗದ್ಯಭಾಗ ಒಂದು ಆಜ್ಞೆಯಾಗಿ ಆರಂಭವಾಗುತ್ತದೆ. ಮಾನ್ಯಖೇಟದಲ್ಲಿ ನೆಲೆಸಿರುವ ರಾಜನು ರಾಷ್ಟ್ರಪತಿ, ವಿಷಯಪತಿ, ಗ್ರಾಮಕೂಟ ಮೊದಲಾದ ಅಧಿಕಾರಿಗಳಿಗೂ ಊರ ಹಿರಿಯರಿಗೂ ತಿಳಿಸುವುದೇನೆಂದರೆ, ಎಂಬ ಧಾಟಿಯಲ್ಲಿ. ಮಾತು ದಾನ ಪಡೆದವರ ಕಡೆಗಲ್ಲ, ನಾಡಿನ ಮೇಲಧಿಕಾರಿಯಿಂದ ಹಿಡಿದು ಊರ ಗೌಡನವರೆಗಿನ ಆಡಳಿತದ ಕಡೆಗೆ ತಿರುಗಿದೆ. ತಾಮ್ರಪಟದ ಕಾನೂನಿನ ಜೀವ ಇರುವುದು ಈ ಆಜ್ಞೆಯಲ್ಲಿ. ಇಂದಿನಿಂದ ಈ ಊರಿನಲ್ಲಿ ನೀವು ಏನನ್ನು ಮಾಡಕೂಡದು ಎಂದು ರಾಜ ತನ್ನದೇ ನೌಕರರಿಗೆ ಹೇಳುತ್ತಿದ್ದಾನೆ.

ಹಾಗಾದರೆ ನಾಲ್ವರಿಗೆ ಸಿಕ್ಕಿದ್ದು ಏನು? ಮುಖ್ಯವಾಗಿ ಸಿಕ್ಕಿದ್ದು ಊರಿನ ಆದಾಯ. ರಾಜನಿಗೆ ಸಲ್ಲುತ್ತಿದ್ದ ಕಂದಾಯ ಮತ್ತು ಉಪತೆರಿಗೆಗಳು, ಧಾನ್ಯರೂಪದ ಪಾಲು, ಹಣದ ರೂಪದ ಪಾಲು, ಅಗತ್ಯ ಬಿದ್ದಾಗ ಊರವರಿಂದ ಪಡೆಯುವ ಬಿಟ್ಟಿ ದುಡಿಮೆ, ಹತ್ತು ಬಗೆಯ ಅಪರಾಧಗಳಿಗೆ ವಿಧಿಸುವ ದಂಡದ ಹಣ, ಇವೆಲ್ಲ ಇನ್ನು ಮುಂದೆ ಅರಮನೆಗೆ ಹೋಗದೆ ಇವರಿಗೆ ಹೋಗಬೇಕು. ರಾಜನ ಸೈನಿಕರೂ ಆಳುಗಳೂ ಊರೊಳಗೆ ಕಾಲಿಡಬಾರದು. ಯಾವ ಅಧಿಕಾರಿಯೂ ಕೈಹಾಕಬಾರದು. ಸೂರ್ಯ, ಚಂದ್ರ, ಸಮುದ್ರ, ಭೂಮಿ, ನದಿ, ಬೆಟ್ಟ ಇರುವತನಕ ಮಕ್ಕಳು ಮೊಮ್ಮಕ್ಕಳು ಅನುಭವಿಸಿಕೊಂಡು ಬರಬಹುದು.

ಇಷ್ಟು ಉದಾರ ಮಾತುಗಳ ನಡುವೆ ಒಂದು ಎಚ್ಚರಿಕೆಯ ಷರತ್ತೂ ಇದೆ. ದೇವರಿಗೋ ಬ್ರಾಹ್ಮಣರಿಗೋ ಈ ಊರಿನಲ್ಲಿ ಹಿಂದೆಯೇ ಕೊಟ್ಟ ಭೂಮಿ ಇದ್ದರೆ ಅದು ಈ ದಾನದೊಳಗೆ ಸೇರುವುದಿಲ್ಲ. ಒಂದು ಊರು ಹಲವು ರಾಜರ ಆಳ್ವಿಕೆ ಕಂಡಿರುತ್ತದೆ. ಯಾವ ಗದ್ದೆ ಯಾವ ಗುಡಿಗೆ ಸೇರಿದ್ದೆಂದು ರಾಜಧಾನಿಯಲ್ಲಿ ಕುಳಿತ ಬರಹಗಾರನಿಗೆ ಗೊತ್ತಿರುವುದಿಲ್ಲ. ಆ ಒಂದು ಷರತ್ತು ಹಳೆಯ ಹಕ್ಕುದಾರರನ್ನು ಉಳಿಸುತ್ತದೆ, ಹೊಸ ದಾನವನ್ನೂ ವ್ಯಾಜ್ಯದಿಂದ ಪಾರುಮಾಡುತ್ತದೆ.

ಆಮೇಲೆ ಚಕ್ಕುಬಂದಿ. ಪೂರ್ವಕ್ಕೆ ಸಮುದ್ರ ಸೇರುವ ಕಲ್ಲುವಿ ಎಂಬ ನದಿ, ದಕ್ಷಿಣಕ್ಕೆ ಉಪ್ಪಲಹತ್ಥಕ ಎಂಬ ಭಟ್ಟಗ್ರಾಮ, ಪಶ್ಚಿಮಕ್ಕೆ ನಂದಗ್ರಾಮ, ಉತ್ತರಕ್ಕೆ ಧನ್ನವಲ್ಲಿಕಾ. ಇಷ್ಟೇ. ಅಳತೆಯಿಲ್ಲ, ನಕ್ಷೆಯಿಲ್ಲ. ಇಡೀ ಊರನ್ನೇ ಕೊಟ್ಟಾಗ ನಾಲ್ಕು ದಿಕ್ಕಿನ ನೆರೆಯವರನ್ನು ಹೆಸರಿಸಿದರೆ ಸಾಕಾಗುತ್ತಿತ್ತು, ಏಕೆಂದರೆ ಊರಿನ ಎಲ್ಲೆ ಎಲ್ಲಿದೆ ಎಂಬುದು ಆ ನೆರೆಯೂರಿನವರ ನೆನಪಿನಲ್ಲಿಯೇ ಇರುತ್ತಿತ್ತು. ಊರೊಳಗಿನ ತುಂಡು ಹೊಲ ಕೊಟ್ಟಾಗ ಮಾತ್ರ ಶಾಸನಗಳು ನಿವರ್ತನ, ಮತ್ತರು ಎಂದು ಅಳತೆ ಹೇಳಿ, ಹುತ್ತ, ಹುಣಸೆಮರ, ಕೆರೆಯ ಕೋಡಿ, ನೆಟ್ಟ ಕಲ್ಲು ಎಂದು ಒಂದೊಂದೇ ಗುರುತನ್ನು ಹಿಡಿದು ಹೊಲದ ಸುತ್ತ ಹೋಗುತ್ತವೆ.

ಕೊನೆಗೆ ಇಬ್ಬರ ಹೆಸರು ಬರುತ್ತದೆ. ಬರೆದವನು ಗುಣಧವಳ, ಧರ್ಮಾಧಿಕರಣದ ಸೇನಭೋಗಿಕ, ಕಾಯಸ್ಥ ವಂಶದವನು, ವತ್ಸರಾಜನ ಮಗ. ದೂತಕನಾದವನು ಗೋಗು ರಾಣಕ, ಅದೂ ರಾಜನ ಬಾಯಿಂದಲೇ ಬಂದ ಆಜ್ಞೆಯ ಮೇರೆಗೆ. ದೂತಕನೆಂದರೆ ರಾಜನ ಅಪ್ಪಣೆಯನ್ನು ಕಾರ್ಯರೂಪಕ್ಕೆ ತರುವ ಹೊಣೆ ಹೊತ್ತ ಅಧಿಕಾರಿ. ರಾಜ ನಿಜವಾಗಿಯೂ ಹೀಗೆ ಹೇಳಿದನೇ ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಬೇಕಾದ ವ್ಯಕ್ತಿ ಯಾರೆಂಬುದು ದಾಖಲೆಯಲ್ಲಿಯೇ ಇರಲಿ ಎಂದು ಅವನ ಹೆಸರು.

ಹಲಗೆ, ಬಳೆ, ಮುದ್ರೆ

ಬಟ್ಟೆ ಕೊಳೆಯುತ್ತದೆ, ಓಲೆಗರಿಗೆ ಗೆದ್ದಲು ಹಿಡಿಯುತ್ತದೆ. ತಾಮ್ರವನ್ನು ನೆಲದಲ್ಲಿ ಹೂತಿಟ್ಟರೂ ಸಾವಿರ ವರ್ಷ ಉಳಿಯುತ್ತದೆ. ಶಿಲಾಶಾಸನದಂತೆ ಒಂದೇ ಕಡೆ ನಿಲ್ಲುವುದಿಲ್ಲ, ಹಕ್ಕುದಾರ ಅದನ್ನು ಎತ್ತಿಕೊಂಡು ಹೋಗಿ ಅಧಿಕಾರಿಯ ಮುಂದೆ ಇಡಬಹುದು. ತಾಮ್ರದ ತಗಡನ್ನು ಬಡಿದು ಹದ ಮಾಡಿ, ಅಕ್ಷರ ಸವೆಯದಂತೆ ಅಂಚುಗಳನ್ನು ಸ್ವಲ್ಪ ಎತ್ತರಿಸುತ್ತಿದ್ದರು. ಅಕ್ಷರಸ್ಥನಾದ ಬರಹಗಾರ ಪಾಠವನ್ನು ಸಿದ್ಧಪಡಿಸುತ್ತಿದ್ದ, ಕೊರೆಯುವವನು ಉಳಿಯಿಂದ ತಗಡಿನ ಮೇಲೆ ಮೂಡಿಸುತ್ತಿದ್ದ. ಎಷ್ಟೋ ಶಾಸನಗಳಲ್ಲಿ ಅಕ್ಷರ ಬಿಟ್ಟುಹೋದದ್ದು, ಒಂದೇ ಪದ ಎರಡು ಸಲ ಬಂದದ್ದು ಕಾಣಸಿಗುತ್ತದೆ. ಒಂದು ಅಕ್ಷರ ತಪ್ಪಿದ ಮಾತ್ರಕ್ಕೆ ಶಾಸನ ಖೋಟಾ ಎನ್ನುವಂತಿಲ್ಲ.

ಮೊದಲ ಹಲಗೆಯ ಹೊರಮೈ ಮತ್ತು ಕೊನೆಯ ಹಲಗೆಯ ಹೊರಮೈ ಸಾಮಾನ್ಯವಾಗಿ ಖಾಲಿ, ಬರಹವೆಲ್ಲ ಒಳಬದಿಯಲ್ಲಿ ಭದ್ರ. ಹಲಗೆಗಳಿಗೆ ತೂತು ಕೊರೆದು ಒಂದು ಬಳೆ ಪೋಣಿಸಿ, ಬಳೆಯ ಎರಡು ತುದಿ ಕೂಡುವ ಜಾಗವನ್ನು ರಾಜಮುದ್ರೆಯ ಕೆಳಗೆ ಬೆಸೆಯುತ್ತಿದ್ದರು. ಇದರ ಪ್ರಯೋಜನ ಸ್ಪಷ್ಟ. ಬಳೆಯನ್ನು ಕತ್ತರಿಸದೆ ನಡುವಿನ ಹಲಗೆ ತೆಗೆದು ಇನ್ನೊಂದನ್ನು ಸೇರಿಸಲಾಗದು, ಕತ್ತರಿಸಿದರೆ ಗುರುತು ಉಳಿಯುತ್ತದೆ. ಓದು ಬಾರದವನಿಗೂ ಮುದ್ರೆ ಕಂಡರೆ ಇದು ಯಾವ ಅರಮನೆಯದೆಂದು ಗೊತ್ತಾಗುತ್ತಿತ್ತು. ಬಾದಾಮಿ ಚಾಲುಕ್ಯರದು ವರಾಹ, ತಲಕಾಡಿನ ಗಂಗರದು ಆನೆ, ರಾಷ್ಟ್ರಕೂಟರದು ಗರುಡ. ಹಸ್ತಾಕ್ಷರದ ಪದ್ಧತಿಯೂ ಇತ್ತು. ವಿಜಯನಗರದ ಅರಸರ ತಾಮ್ರಶಾಸನಗಳು ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿ ಇದ್ದಾಗಲೂ ಕೊನೆಯಲ್ಲಿ ‘ಶ್ರೀ ವಿರೂಪಾಕ್ಷ’ ಎಂಬ ರುಜು ದೊಡ್ಡ ಕನ್ನಡ ಅಕ್ಷರಗಳಲ್ಲಿ ಇರುತ್ತಿತ್ತು.

ಸುಟ್ಟುಹೋದದ್ದು, ಮುರಿದುಹಾಕಿದ್ದು

ಇಷ್ಟು ಕಟ್ಟುನಿಟ್ಟಿದ್ದರೂ ಹಲಗೆ ಕಳೆದುಹೋಗಬಹುದಿತ್ತು, ಖೋಟಾ ಹಲಗೆಯೂ ಹುಟ್ಟಬಹುದಿತ್ತು. ಏಳನೆಯ ಶತಮಾನದ ಉತ್ತರ ಭಾರತದ ಎರಡು ಪ್ರಕರಣಗಳು ಆಗ ಏನಾಗುತ್ತಿತ್ತು ಎಂಬುದನ್ನು ಶಾಸನಗಳ ಬಾಯಿಂದಲೇ ಹೇಳುತ್ತವೆ.

ಮೊದಲನೆಯದು ಕಾಮರೂಪದ, ಅಂದರೆ ಅಸ್ಸಾಮಿನ, ರಾಜ ಭಾಸ್ಕರವರ್ಮನ ನಿಧಾನಪುರ ತಾಮ್ರಪಟ. ಅವನ ಪೂರ್ವಿಕ ಭೂತಿವರ್ಮ ಬ್ರಾಹ್ಮಣರಿಗೆ ಕೊಟ್ಟಿದ್ದ ಭೂಮಿಯ ಮೂಲ ಹಲಗೆಗಳು ಬೆಂಕಿಗೆ ಸಿಕ್ಕಿ ಹಾಳಾದವು. ಹಲಗೆ ಇಲ್ಲವೆಂದ ಮೇಲೆ ಆ ಭೂಮಿಗೆ ಕಂದಾಯ ಬೀಳುವ ಸ್ಥಿತಿ ಬಂತು. ಭಾಸ್ಕರವರ್ಮ ವಿಷಯವನ್ನು ಹಿರಿಯರಿಗೆ ತಿಳಿಸಿ ಹೊಸ ಹಲಗೆಗಳನ್ನು ಮಾಡಿಸಿಕೊಟ್ಟ. ಕಾನೂನು ತಿಳಿದ ಯಾರೋ ಅದಕ್ಕೆ ಕೊನೆಯಲ್ಲಿ ಒಂದು ಮಾತು ಸೇರಿಸಿದ್ದಾರೆ. ಹಳೆಯದು ಸುಟ್ಟ ಮೇಲೆ ಹೊಸದಾಗಿ ಬರೆದದ್ದಾದ್ದರಿಂದ ಅಕ್ಷರಗಳ ರೂಪ ಬೇರೆಯಾಗಿದೆ, ಆ ಕಾರಣಕ್ಕೆ ಇವು ಖೋಟಾ ಎಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಲಿಪಿ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ, ಲಿಪಿ ನೋಡಿ ದಾಖಲೆಯ ಸಾಚಾತನ ಅಳೆಯಬಹುದು ಎಂಬ ಅರಿವು ಆ ಕಾಲದ ಕಚೇರಿಯಲ್ಲಿಯೇ ಇತ್ತು. ಇಂದಿನ ಶಾಸನತಜ್ಞರು ಮಾಡುವ ಮೊದಲ ಪರೀಕ್ಷೆಯೂ ಅದೇ.

ಎರಡನೆಯದು ಇಮ್ಮಡಿ ಪುಲಕೇಶಿಯ ಸಮಕಾಲೀನ ಹರ್ಷವರ್ಧನನ ಮಧುಬನ ತಾಮ್ರಪಟ, ಸುಮಾರು ಕ್ರಿ.ಶ. 631ರದು. ಶ್ರಾವಸ್ತಿ ಸೀಮೆಯ ಸೋಮಕುಂಡಿಕಾ ಎಂಬ ಊರನ್ನು ವಾಮರಥ್ಯ ಎಂಬ ಬ್ರಾಹ್ಮಣ ಕೂಟಶಾಸನದ, ಅಂದರೆ ಖೋಟಾ ಶಾಸನದ, ಬಲದಿಂದ ಅನುಭವಿಸುತ್ತಿದ್ದ. ಅದು ವಿಚಾರಣೆಯಲ್ಲಿ ಬಯಲಾದಾಗ ಹರ್ಷ ಆ ಶಾಸನವನ್ನು ಮುರಿಸಿಹಾಕಿ, ಊರನ್ನು ಕಿತ್ತುಕೊಂಡು ಇಬ್ಬರು ಬೇರೆ ಬ್ರಾಹ್ಮಣರಿಗೆ ಕೊಟ್ಟ. ಸುಮ್ಮನೆ ಕಸಿದುಕೊಂಡದ್ದಲ್ಲ ಎಂಬುದು ಮುಂದಿನವರಿಗೆ ತಿಳಿಯಲಿ ಎಂದು ಹಿಂದಿನ ಹಕ್ಕು ರದ್ದಾದ ಕಾರಣವನ್ನೂ ಹೊಸ ಶಾಸನದಲ್ಲಿ ಬರೆಸಿದ್ದಾನೆ. ರಾಜಶಾಸನವನ್ನು ಖೋಟಾ ಮಾಡುವವನಿಗೆ ಮನುಸ್ಮೃತಿ ಹೇಳುವ ಶಿಕ್ಷೆ ಮರಣ. ಈ ಶಾಸನದಲ್ಲಿ ದಾಖಲಾಗಿರುವುದು ಊರು ಹೋದದ್ದು ಮಾತ್ರ.

ಕೊಣ್ಣೂರಿನ ಕಲ್ಲು

ಕರ್ನಾಟಕದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಒಂದು ಪ್ರಕರಣವಿದೆ. ಗದಗ ಜಿಲ್ಲೆ ನರಗುಂದ ತಾಲೂಕಿನ ಕೊಣ್ಣೂರಿನಲ್ಲಿ ಒಂದು ಶಿಲಾಶಾಸನ ಇದೆ. ಅದರ ಪ್ರಕಾರ ಶಕ 782ರಲ್ಲಿ, ಅಂದರೆ ಕ್ರಿ.ಶ. 860ರಲ್ಲಿ, ಇದೇ ಅಮೋಘವರ್ಷ ತನ್ನ ಸೇನಾನಿ ಬಂಕೇಯನ ಕೋರಿಕೆಯಂತೆ ಕೊಳನೂರಿನ ಜಿನಾಲಯಕ್ಕಾಗಿ ದೇವೇಂದ್ರ ಮುನಿಗೆ ತಲೆಯೂರು ಎಂಬ ಊರನ್ನೂ ಇನ್ನಷ್ಟು ಭೂಮಿಯನ್ನೂ ಕೊಟ್ಟ. ಬಂಕಾಪುರಕ್ಕೆ ಹೆಸರು ಬಂದದ್ದು ಈ ಬಂಕೇಯನಿಂದ. ಆದರೆ ಕಲ್ಲಿನ ಲಿಪಿ ಒಂಬತ್ತನೆಯ ಶತಮಾನದ್ದಲ್ಲ. ಕಾರಣವನ್ನು ಶಾಸನವೇ ಕೊನೆಯಲ್ಲಿ ಹೇಳುತ್ತದೆ. ಕೊಳನೂರಿನ ಮಹಾಪ್ರಭು ಹುಳಿಯಮರಸ ಮೊದಲಾದವರು ಕೇಳಿಕೊಂಡದ್ದರಿಂದ ವೀರನಂದಿ ಮುನಿ ಹಳೆಯ ತಾಮ್ರಶಾಸನವನ್ನು ನೋಡಿ ಅದನ್ನು ಕಲ್ಲಿನ ಮೇಲೆ ಬರೆಸಿದ. ಈ ವೀರನಂದಿ ಹನ್ನೆರಡನೆಯ ಶತಮಾನದವನು.

ಊರವರಿಗೆ ಇದರ ಅಗತ್ಯ ಬಂದದ್ದು ಏಕೆಂದು ಊಹಿಸುವುದು ಕಷ್ಟವಲ್ಲ. ಹಲಗೆ ಒಬ್ಬರ ಪೆಟ್ಟಿಗೆಯಲ್ಲಿ ಇರುತ್ತದೆ, ಕಲ್ಲು ಎಲ್ಲರ ಕಣ್ಣೆದುರು ನಿಲ್ಲುತ್ತದೆ. ರಾಷ್ಟ್ರಕೂಟರು ಅಳಿದು ಚಾಲುಕ್ಯರ ಕಾಲ ಬಂದಿದ್ದಾಗ ಹಳೆಯ ದಾನವನ್ನು ಜನರ ಮುಂದೆ ಮತ್ತೆ ಸಾರುವುದರಲ್ಲಿ ಅರ್ಥವಿತ್ತು. ಆದರೆ ಕಲ್ಲಿಗೆ ಇಳಿದ ಪಾಠ ಮೂಲದ್ದೇ ಆಗಿತ್ತೇ? ಇದನ್ನು ಸಂಪಾದಿಸಿ ಪ್ರಕಟಿಸಿದ ಜರ್ಮನ್ ವಿದ್ವಾಂಸ ಕೀಲ್ಹಾರ್ನ್ ಇಲ್ಲಿ ಸಂದೇಹ ಎತ್ತಿದ. ಅದರಲ್ಲಿನ ವಂಶಾವಳಿ ರಾಷ್ಟ್ರಕೂಟರ ಉಳಿದ ತಾಮ್ರಪಟಗಳ ವಂಶಾವಳಿಯೊಂದಿಗೆ ಪೂರ್ತಿ ಹೊಂದುವುದಿಲ್ಲ. ತಿಥಿ ಮತ್ತು ಗ್ರಹಣದ ವಿವರ ಮಾತ್ರ ಲೆಕ್ಕಕ್ಕೆ ಸರಿಹೋಗುತ್ತದೆ. ಇಂಥ ಕಡೆ ತೀರ್ಪು ಕೊಡುವುದು ಸುಲಭವಲ್ಲ. ನಿಜವಾದ ಒಂದು ದಾನದ ದಿನಾಂಕ, ವ್ಯಕ್ತಿಗಳು, ಊರು ಉಳಿದುಕೊಂಡು, ಅದರ ಸುತ್ತಲಿನ ಪಾಠ ನಂತರದ ಕೈಗಳಲ್ಲಿ ಬದಲಾಗಿರಬಹುದು. ಸಾಚಾ ಮತ್ತು ಖೋಟಾ ಎಂಬ ಎರಡು ಗುಂಪುಗಳ ನಡುವೆ ಹೀಗೆ ಮೂರನೆಯ ಗುಂಪೊಂದಿದೆ: ನಿಜವಾದ ಹಕ್ಕಿಗೆ ನಂತರ ಕಟ್ಟಿದ ದಾಖಲೆ.

ಖೋಟಾ ಶಾಸನಗಳನ್ನು ಗುರುತಿಸುವ ದಾರಿಗಳು ಈ ಪ್ರಕರಣದಲ್ಲಿಯೇ ಕಾಣುತ್ತವೆ. ಲಿಪಿ ಹೇಳಿಕೊಂಡ ಕಾಲದ್ದೇ? ವಂಶಾವಳಿ ಬೇರೆ ಶಾಸನಗಳಿಗೆ ಹೊಂದುತ್ತದೆಯೇ? ಹೇಳಿದ ದಿನ ಆ ವಾರವೋ ಆ ಗ್ರಹಣವೋ ನಿಜವಾಗಿ ಇತ್ತೇ? ಈ ಪ್ರಶ್ನೆಗಳನ್ನು ಇಟ್ಟುಕೊಂಡು ಫ್ಲೀಟ್ ಎಂಬ ವಿದ್ವಾಂಸ ತಲಕಾಡಿನ ಗಂಗರ ಹೆಸರಿನ ಹಲವಾರು ತಾಮ್ರಪಟಗಳನ್ನು ಕೂಟವೆಂದು ತಳ್ಳಿಹಾಕಿದ. ಮೈಸೂರಿನ ಶಾಸನಗಳನ್ನು ಸಂಪಾದಿಸಿದ ಬಿ.ಎಲ್. ರೈಸ್ ಅವುಗಳ ಪರವಾಗಿ ವಾದಿಸಿದ. ಆ ಜಗಳ ದಶಕಗಳ ಕಾಲ ನಡೆಯಿತು. ಶಿವಮೊಗ್ಗ ಸೀಮೆಯಲ್ಲಿ ಸಿಕ್ಕ ಕೆಲವು ತಾಮ್ರಪಟಗಳಂತೂ ಪಾಂಡವರ ವಂಶದ ಜನಮೇಜಯನೇ ಸರ್ಪಯಾಗದ ಸಮಯದಲ್ಲಿ ಅಗ್ರಹಾರ ಕೊಟ್ಟನೆಂದು ಹೇಳುತ್ತವೆ. ದಾನಿ ಎಷ್ಟು ಪುರಾತನನೋ ಹಕ್ಕು ಅಷ್ಟು ಗಟ್ಟಿ ಎಂಬ ನಂಬಿಕೆಯಿಂದ ಹುಟ್ಟಿದ ದಾಖಲೆಗಳು ಅವು.

ತಾಮ್ರದ ಬಲ ಎಲ್ಲಿಯವರೆಗೆ?

ಹಲಗೆ ಕೈಯಲ್ಲಿದ್ದ ಮಾತ್ರಕ್ಕೆ ಹಕ್ಕು ಉಳಿಯುತ್ತಿರಲಿಲ್ಲ. ಸ್ಮೃತಿಗಳು ಎರಡು ವಿಷಯಗಳನ್ನು ಜೊತೆಯಾಗಿ ನೋಡುತ್ತವೆ. ಒಂದು ಆಗಮ, ಅಂದರೆ ಹಕ್ಕು ಬಂದ ಮೂಲ. ಇನ್ನೊಂದು ಭುಕ್ತಿ, ಅಂದರೆ ಅನುಭೋಗ. ತಲೆಮಾರುಗಳಿಂದ ಬಂದ ಅನುಭೋಗವನ್ನು ಬಿಟ್ಟರೆ ಉಳಿದೆಡೆ ಅನುಭೋಗಕ್ಕಿಂತ ಆಗಮವೇ ಹೆಚ್ಚು ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಒಡನೆಯೇ, ಸ್ವಲ್ಪವೂ ಅನುಭೋಗವಿಲ್ಲದ ಕಡೆ ಆಗಮಕ್ಕೂ ಬಲವಿಲ್ಲ ಎನ್ನುತ್ತದೆ. ಝರಿವಲ್ಲಿಕಾದ ನಾಲ್ವರು ಹಲಗೆಯನ್ನು ಪೆಟ್ಟಿಗೆಯಲ್ಲಿಟ್ಟು ಕರಹಾಡದ ತಮ್ಮ ಮನೆಗಳಲ್ಲಿಯೇ ಕುಳಿತಿದ್ದರೆ ಆ ತಾಮ್ರ ಅವರನ್ನು ಕಾಯುತ್ತಿರಲಿಲ್ಲ. ಊರಿನಿಂದ ಪಾಲು ಬರುತ್ತಲೇ ಇರಬೇಕು, ಅದನ್ನು ನೆರೆಯೂರಿನವರು ಕಾಣುತ್ತಲೇ ಇರಬೇಕು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಅಧಿಕಾರಿ ಆಜ್ಞೆ ಮೀರಿದರೆ ರಾಜ ಶಿಕ್ಷಿಸಬಹುದು. ರಾಜನೇ ಮೀರಿದರೆ, ಅವನ ನಂತರ ಬಂದವನು ಮೀರಿದರೆ ಶಿಕ್ಷಿಸುವವರು ಯಾರು? ಅವನ ಮೇಲೆ ನ್ಯಾಯಾಲಯವಿಲ್ಲ. ತಾಮ್ರಪಟಗಳ ಕೊನೆಯಲ್ಲಿ ಬರುವ ಶಾಪದ ಶ್ಲೋಕಗಳ ಜಾಗ ಇದು. ತಾನು ಕೊಟ್ಟದ್ದಾಗಲಿ ಪರರು ಕೊಟ್ಟದ್ದಾಗಲಿ, ಭೂಮಿಯನ್ನು ಕಸಿದವನು 60,000 ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಬೆದರಿಕೆ ಬಾದಾಮಿಯಿಂದ ವಿಜಯನಗರದವರೆಗೆ ಮತ್ತೆ ಮತ್ತೆ ಬರುತ್ತದೆ. ಅದರ ಜೊತೆಗೆ ಬರುವ ಇನ್ನೊಂದು ವಾದದಲ್ಲಿ ಶಾಪಕ್ಕಿಂತ ಹೆಚ್ಚು ಲೋಕಜ್ಞಾನವಿದೆ. ಈ ಭೂಮಿಯನ್ನು ಎಷ್ಟೋ ರಾಜರು ಆಳಿದ್ದಾರೆ, ಯಾರ ಕಾಲದಲ್ಲಿ ಭೂಮಿ ಯಾರದೋ ದಾನದ ಫಲವೂ ಅವರದೇ ಎನ್ನುತ್ತದೆ ಅದು. ಅಂದರೆ ಹಿಂದಿನವರ ದಾನವನ್ನು ಕಾಪಾಡಿದ ರಾಜನಿಗೂ ಪುಣ್ಯದ ಪಾಲುಂಟು, ಅವನು ಕೊಟ್ಟದ್ದನ್ನು ಮುಂದಿನವನು ಕಾಪಾಡುತ್ತಾನೆ. ಕಾನೂನಿನ ಕೈ ಮುಟ್ಟದ ಜಾಗದಲ್ಲಿ ಪರಸ್ಪರ ಹಿತವನ್ನು ಜಾಮೀನಾಗಿ ನಿಲ್ಲಿಸಿದ ಮಾತು ಅದು.

ಆ ಜಾಮೀನಿನ ಮೇಲೆ ಎಷ್ಟೋ ದಾನಗಳು ರಾಜವಂಶಗಳು ಬದಲಾದರೂ ಉಳಿದು ಬಂದವು. ಇನಾಂ ಭೂಮಿ ಎಂಬ ಹೆಸರಿನಲ್ಲಿ ಇಂಥ ಹಕ್ಕುಗಳು ಬ್ರಿಟಿಷರ ಕಾಲವನ್ನೂ ದಾಟಿದವು. ಆದರೆ ಸಂಜಾನ ತಾಮ್ರಪಟವನ್ನು ಮತ್ತೊಮ್ಮೆ ಓದಿ ನೋಡಿ. ರಾಜನ ಹೆಸರಿದೆ, ಅವನ ಪೂರ್ವಿಕರ ಹೆಸರಿದೆ, ದಾನ ಪಡೆದ ನಾಲ್ವರದಿದೆ, ಬರೆದವನದಿದೆ, ದೂತಕನದಿದೆ, ಪಕ್ಕದ ಊರು ಮತ್ತು ನದಿಯ ಹೆಸರೂ ಇದೆ. ಝರಿವಲ್ಲಿಕಾದ ನೆಲವನ್ನು ಉತ್ತು, ಆ ಧಾನ್ಯವನ್ನೂ ಹಣವನ್ನೂ ತೆತ್ತು, ಆ ಬಿಟ್ಟಿ ದುಡಿಮೆ ಮಾಡಬೇಕಾಗಿದ್ದ ಒಬ್ಬನ ಹೆಸರೂ ಇಲ್ಲ. ಊರಿನ ಜೊತೆಗೆ ಅವರ ದುಡಿಮೆಯೂ ಕೈ ಬದಲಾಯಿಸಿತು, ಅವರನ್ನು ಕೇಳಿದ್ದಕ್ಕೆ ದಾಖಲೆಯಿಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಈ ಲೆಕ್ಕ ತಿರುಗಿದ್ದು ಮೈಸೂರು (ವೈಯಕ್ತಿಕ ಮತ್ತು ಸಂಕೀರ್ಣ) ಇನಾಂ ರದ್ದಿಯಾತಿ ಕಾಯ್ದೆ 1954ರಲ್ಲಿ ಬಂದಾಗ. ಇನಾಂದಾರರ ಹಕ್ಕು ಸರ್ಕಾರಕ್ಕೆ ಸೇರಿ, ಉಳುತ್ತಿದ್ದ ಗೇಣಿದಾರರು ತಮ್ಮ ಹೆಸರಿನಲ್ಲಿ ಹಕ್ಕು ಕೇಳಿ ಅರ್ಜಿ ಹಾಕಲು ದಾರಿಯಾಯಿತು. ಮುಂದಿನ ರಾಜರನ್ನು ಮನಸ್ಸಿನಲ್ಲಿಟ್ಟು ಅಷ್ಟೊಂದು ಎಚ್ಚರದಿಂದ ಬರೆದವರು ಎಂದೂ ಹೆಸರಿಸದಿದ್ದ ಜನ ಕೊನೆಗೆ ದಾಖಲೆಯೊಳಗೆ ಬಂದರು.